ಬಾಳೆಕಂದು: ಯಾವುದನ್ನು ಕೀಳಬೇಕು, ಎಷ್ಟು ದೂರಕ್ಕೆ ನೆಡಬೇಕು

ಮಲೆನಾಡಿನಲ್ಲಿ ಹಿತ್ತಲಿಗೆ ಬಾಳೆಕಂದನ್ನು ದುಡ್ಡು ಕೊಟ್ಟು ತರುವವರು ಕಡಿಮೆ. ಪಕ್ಕದ ಮನೆಯಿಂದಲೋ ನೆಂಟರ ತೋಟದಿಂದಲೋ ಬರುತ್ತದೆ. ಗೊನೆ ಕಡಿದು ಬಿಟ್ಟ ಬುಡದಲ್ಲಿ ಎದ್ದು ನಿಂತ ನಾಲ್ಕಾರು ಮರಿಗಳನ್ನು ತೋರಿಸಿ "ಬೇಕಾದಷ್ಟು ಕಿತ್ಕೊಂಡು ಹೋಗಿ" ಅನ್ನುತ್ತಾರೆ. ತರುವವರೂ ಎಲೆ ಅಗಲವಾಗಿ ಹಸಿರಾಗಿರುವುದನ್ನೇ ಆರಿಸುತ್ತಾರೆ. ವರ್ಷಕ್ಕೂ ಮೇಲೆ ನೀರು, ಗೊಬ್ಬರ ಕೊಟ್ಟ ನಂತರ ಬರುವುದು ನಾಲ್ಕೈದು ಚಿಪ್ಪಿನ ಸಣಕಲು ಗೊನೆ. ಮಣ್ಣು ಸರಿಯಿಲ್ಲ, ಮಳೆ ಹೆಚ್ಚಾಯಿತು ಎಂದು ಕಾರಣ ಹುಡುಕುತ್ತಾರೆ. ಎಷ್ಟೋ ಸಲ ತಪ್ಪಿರುವುದು ಕಂದು ಕಿತ್ತ ದಿನವೇ.

ಇಲ್ಲಿ ಹೇಳಹೊರಟಿದ್ದು ಹತ್ತಿಪ್ಪತ್ತು ಗಿಡದ ಹಿತ್ತಲಿಗೆ ಸಂಬಂಧಿಸಿದ್ದು. ಕತ್ತಿಕಂದು, ನೀರುಕಂದು, ಅಂಗಾಂಶ ಕೃಷಿಯ ಸಸಿ ಇವುಗಳಲ್ಲಿ ಯಾವುದು, ರೋಹಿಣಿ ಮಳೆಗೋ ಉತ್ತರೆ ಮಳೆಗೋ, ಆರು ಅಡಿಗೋ ಎಂಟು ಅಡಿಗೋ ಎಂಬ ಆಯ್ಕೆಗಳು. ತೋಟಕ್ಕೆ ಎಕರೆಗಟ್ಟಲೆ ಹಾಕುವವರ ಲೆಕ್ಕ ಬೇರೆ.

ಮೊದಲು ತಾಯಿ

ಕಂದು ನೋಡುವುದಕ್ಕೆ ಮುಂಚೆ ತಾಯಿ ಗಿಡ ನೋಡಬೇಕು. ಗೊನೆ ಹೊತ್ತು ನಿಂತ ಗಿಡದ ಕಂದು ಎಲ್ಲಕ್ಕಿಂತ ಒಳ್ಳೆಯದು. ಗೊನೆ ಎಷ್ಟು ದೊಡ್ಡದು, ಚಿಪ್ಪು ಎಷ್ಟು, ಕಾಯಿ ತುಂಬಿದೆಯೋ ಇಲ್ಲವೋ ಎಂಬುದು ಕಣ್ಣೆದುರೇ ಇರುತ್ತದೆ. ಗೊನೆ ಕಡಿದು ತಿಂಗಳುಗಟ್ಟಲೆ ಕಳೆದ ಬುಡದಲ್ಲಿ ಇದ್ಯಾವುದೂ ತಿಳಿಯುವುದಿಲ್ಲ. ಜಾತಿಯ ವಿಷಯದಲ್ಲೂ ಬರೀ ಮಾತು ನಂಬಬೇಕಾಗುತ್ತದೆ. ಏಲಕ್ಕಿ ಎಂದು ತಂದದ್ದು ಬೇರೇನೋ ಆಗಿರುವುದು ಹೊಸದಲ್ಲ.

ತಾಯಿಯ ಸುತ್ತಮುತ್ತಲೂ ಒಮ್ಮೆ ಕಣ್ಣಾಡಿಸಿ. ಆ ತೋಟದಲ್ಲಿ ಯಾವುದಾದರೂ ಬಾಳೆಯ ಕೆಳಗಿನ ಎಲೆಗಳು ಅಂಚಿನಿಂದ ಹಳದಿಯಾಗಿ, ಎಲೆಯ ದಂಟು ಕಾಂಡದ ಬಳಿ ಮುರಿದು, ಒಣಗಿ ಸುತ್ತಲೂ ಜೋತುಬಿದ್ದಿದ್ದರೆ ಅದು ಪನಾಮಾ ಸೊರಗು ರೋಗ ಇರಬಹುದು. ಕಾಂಡದ ಬುಡ ಉದ್ದಕ್ಕೆ ಸೀಳುಬಿಟ್ಟಿರುವುದೂ ಉಂಟು. ಇದು ಮಣ್ಣಿನಲ್ಲಿರುವ ಶಿಲೀಂಧ್ರದಿಂದ ಬರುವುದು, ಒಮ್ಮೆ ಸೇರಿದರೆ ದಶಕಗಳ ಕಾಲ ಹೋಗುವುದಿಲ್ಲ. ನಮ್ಮಲ್ಲಿ ಎಲ್ಲರೂ ಇಷ್ಟಪಡುವ ಏಲಕ್ಕಿ ಬಾಳೆ, ಅಂದರೆ ಪುಟ್ಟಬಾಳೆ, ಇದಕ್ಕೆ ಬೇಗ ಬಲಿಯಾಗುವ ಜಾತಿ. ರಸಬಾಳೆಯೂ ಹಾಗೆಯೇ. ಸೊರಗಿದ ಗಿಡದ ಪಕ್ಕದ ಬುಡದಲ್ಲಿರುವ ಕಂದು ಹೊರನೋಟಕ್ಕೆ ಎಷ್ಟು ಚೆನ್ನಾಗಿದ್ದರೂ ಒಳಗೆ ರೋಗ ಹೊತ್ತಿರಬಹುದು. ಅಂಥ ತೋಟದಿಂದ ಒಂದು ಕಂದನ್ನೂ ತರಬೇಡಿ. ಕೊಡುವವರಿಗೆ ಬೇಸರವಾದೀತು ಎಂದು ತಂದರೆ ರೋಗ ನಿಮ್ಮ ಹಿತ್ತಲಿನ ಮಣ್ಣಿಗೆ ಸೇರಿಕೊಳ್ಳುತ್ತದೆ.

ಕತ್ತಿಕಂದು ಮತ್ತು ನೀರುಕಂದು

ಕತ್ತಿಕಂದಿನ ಎಲೆ ಕಿರಿದಾಗಿ, ಉದ್ದವಾಗಿ, ತುದಿ ಚೂಪಾಗಿರುತ್ತದೆ. ಗಿಡ ಮೊಣಕಾಲೆತ್ತರ, ಸೊಂಟದೆತ್ತರ ಬೆಳೆದರೂ ಎಲೆ ಅಗಲವಾಗುವುದಿಲ್ಲ. ಬುಡ ದಪ್ಪ, ಮೇಲೆ ಹೋದಂತೆ ಸಣ್ಣ. ಮಣ್ಣು ಬಿಡಿಸಿ ನೋಡಿದರೆ ಗಡ್ಡೆ ಉರುಟಾಗಿ, ತಾಯಿಗಡ್ಡೆಗೆ ಆಳದಲ್ಲಿ ಭದ್ರವಾಗಿ ಅಂಟಿಕೊಂಡಿರುತ್ತದೆ. ಹಾರೆ ಹಾಕದೆ ಬರುವುದಿಲ್ಲ.

ನೀರುಕಂದು ಗೇಣೆತ್ತರ ಇರುವಾಗಲೇ ಅಗಲ ಎಲೆ ಬಿಡುತ್ತದೆ. ಪುಟ್ಟ ಬಾಳೆಗಿಡದಂತೆಯೇ ಕಾಣುತ್ತದೆ, ನೋಡಲು ಚೆಂದ. ಕಾಂಡ ಬುಡದಿಂದ ತುದಿಯವರೆಗೆ ಹೆಚ್ಚುಕಡಿಮೆ ಒಂದೇ ದಪ್ಪ. ಗಡ್ಡೆ ಸಣ್ಣದು, ತಾಯಿಯೊಂದಿಗಿನ ಕೊಂಡಿ ಸಡಿಲ. ಕೆಲವು ಸಲ ಕೈಯಿಂದ ಅಲುಗಾಡಿಸಿ ಎಳೆದರೇ ಬಂದುಬಿಡುತ್ತದೆ. ಸುಲಭವಾಗಿ ಬಂತಲ್ಲ ಎಂದು ಖುಷಿಪಡುವ ಹಾಗಿಲ್ಲ.

ಹೀಗೇಕೆ ಎಂದು ತಿಳಿದರೆ ಗುರುತು ನೆನಪಿಟ್ಟುಕೊಳ್ಳುವುದು ಸುಲಭ. ಕತ್ತಿಕಂದು ಬಲವಾಗಿರುವ ತಾಯಿಯ ಹಿಡಿತದಲ್ಲಿ ಬೆಳೆಯುತ್ತದೆ. ಆಹಾರ ತಾಯಿಯಿಂದಲೇ ಬರುವುದರಿಂದ ಅದಕ್ಕೆ ದೊಡ್ಡ ಎಲೆಯ ಅಗತ್ಯವಿಲ್ಲ, ಬಂದದ್ದನ್ನೆಲ್ಲ ಗಡ್ಡೆಯಲ್ಲಿ ಕೂಡಿಡುತ್ತದೆ. ನೀರುಕಂದಿಗೆ ಆ ಆಸರೆ ಸರಿಯಾಗಿ ಸಿಕ್ಕಿರುವುದಿಲ್ಲ. ಹೆಚ್ಚಾಗಿ ಗೊನೆ ಕಡಿದ ಹಳೆಯ ಗಡ್ಡೆಯಲ್ಲಿ, ಮೇಲ್ಮಟ್ಟದ ಮೊಗ್ಗಿನಿಂದ ಹುಟ್ಟುತ್ತದೆ. ತನ್ನ ಊಟ ತಾನೇ ಮಾಡಿಕೊಳ್ಳಬೇಕಾಗಿ ಬೇಗ ಅಗಲ ಎಲೆ ಬಿಡುತ್ತದೆ, ಕೂಡಿಡುವುದಕ್ಕೆ ಏನೂ ಉಳಿಯುವುದಿಲ್ಲ. ಕಿತ್ತು ನೆಟ್ಟ ಮೇಲೆ ಮೊದಲ ಒಂದೆರಡು ತಿಂಗಳು ಹೊಸ ಬೇರು ಬಿಡಲು ಗಡ್ಡೆಯ ದಾಸ್ತಾನೇ ಬೇಕು. ಅದಿಲ್ಲದ ಕಂದು ನೆಟ್ಟಲ್ಲೇ ಕುಂಟುತ್ತದೆ, ತಡವಾಗಿ ಹೂ ಬಿಡುತ್ತದೆ, ಗೊನೆ ಸಣ್ಣದಾಗುತ್ತದೆ. ಆಮೇಲೆ ಎಷ್ಟು ಗೊಬ್ಬರ ಹಾಕಿದರೂ ಮೊದಲ ಗೊನೆಯ ಮಟ್ಟಿಗೆ ಆ ಕೊರತೆ ಪೂರ್ತಿ ತುಂಬುವುದಿಲ್ಲ.

ಅಗಲ ಎಲೆ ಇದ್ದದ್ದೆಲ್ಲ ನೀರುಕಂದಲ್ಲ ಎಂಬುದೂ ಗೊತ್ತಿರಬೇಕು. ಕತ್ತಿಕಂದೇ ಐದಾರು ತಿಂಗಳು ಬೆಳೆದಾಗ ಅದೂ ಅಗಲ ಎಲೆ ಬಿಡಲು ಶುರುಮಾಡುತ್ತದೆ. ಆಗ ಎತ್ತರ ಎದೆಮಟ್ಟ ದಾಟಿರುತ್ತದೆ, ಬುಡ ತೊಡೆ ಗಾತ್ರ ಇರುತ್ತದೆ. ಇಂಥ ಬೆಳೆದ ಕಂದೂ ಚೆನ್ನಾಗಿಯೇ ಗೊನೆ ಕೊಡುತ್ತದೆ. ಆದರೆ ಕೀಳುವುದು ದೊಡ್ಡ ಕೆಲಸ, ತಾಯಿಯ ಬೇರಿಗೂ ಪೆಟ್ಟು, ಹೊತ್ತು ತರುವುದೂ ಕಷ್ಟ. ಹಿತ್ತಲಿಗೆ ನಾನು ಹೇಳುವುದು ಎರಡು ಮೂರು ತಿಂಗಳ ಕತ್ತಿಕಂದು, ಗಡ್ಡೆ ಒಂದೂವರೆಯಿಂದ ಎರಡು ಕಿಲೋ ತೂಗುವಂಥದ್ದು. ಅಷ್ಟಿದ್ದರೆ ಎರಡೂ ಕೈ ಸೇರಿಸಿ ಹಿಡಿಯಬೇಕಾಗುತ್ತದೆ. ಹತ್ತು ಕಂದು ತರುವುದಾದರೆ ಎಲ್ಲವೂ ಒಂದೇ ಗಾತ್ರದ್ದಾಗಿರಲಿ, ಇಲ್ಲದಿದ್ದರೆ ದೊಡ್ಡದು ಚಿಕ್ಕದನ್ನು ನೆರಳಿಗೆ ತಳ್ಳುತ್ತದೆ.

ಹಾಗೆಂದು ನೀರುಕಂದನ್ನು ಎಸೆಯಬೇಕಿಲ್ಲ. ಮಲೆನಾಡಿನ ಮನೆಗೆ ಹಣ್ಣಿನಷ್ಟೇ ಎಲೆಯೂ ಬೇಕು. ಗೊನೆ ಬರುವ ಗಿಡದಿಂದ ಎಲೆ ಕೊಯ್ದಷ್ಟೂ ಗೊನೆ ಬಡವಾಗುತ್ತದೆ. ಹೂ ಬಿಡುವ ಹೊತ್ತಿಗೆ ಗಿಡದ ಮೇಲೆ ಎಂಟಾದರೂ ಒಳ್ಳೆಯ ಎಲೆ ಇರಬೇಕು. ಆದ್ದರಿಂದ ಸಿಕ್ಕ ನೀರುಕಂದುಗಳನ್ನೆಲ್ಲ ಬೇಲಿಯ ಪಕ್ಕ ಮೂರು ನಾಲ್ಕು ಅಡಿಗೊಂದರಂತೆ ಸಾಲಾಗಿ ನೆಟ್ಟು ಊಟದ ಎಲೆಗೆಂದೇ ಬಿಟ್ಟುಬಿಡಿ. ಹಬ್ಬ ಬಂದಾಗ ಹಣ್ಣಿನ ಗಿಡ ಮುಟ್ಟುವ ಪ್ರಸಂಗ ಬರುವುದಿಲ್ಲ.

ಕತ್ತಿಯಂತೆ ಕಾಣುವ ಕಾಯಿಲೆ

ಈ ಒಂದು ವಿಷಯವನ್ನು ಎಲ್ಲಕ್ಕಿಂತ ಗಮನವಿಟ್ಟು ಓದಬೇಕೆಂದು ಕೇಳಿಕೊಳ್ಳುತ್ತೇನೆ. ಕಿರಿದಾದ, ನೆಟ್ಟಗೆ ನಿಂತ ಎಲೆಯನ್ನೇ ಗುರುತಾಗಿಟ್ಟುಕೊಂಡು ಹೋದವರು ಎಡವುವ ಜಾಗ ಇದು. ಎಲೆಗುಚ್ಛ ರೋಗ ತಗುಲಿದ ಕಂದಿನ ಎಲೆಯೂ ಕಿರಿದಾಗಿ, ಗಿಡ್ಡವಾಗಿ, ಸೆಟೆದು ನಿಂತಿರುತ್ತದೆ. ಬಂಚಿ ಟಾಪ್ ಎಂದು ಹೆಚ್ಚು ಜನ ಕರೆಯುವುದು ಇದನ್ನೇ. ವೈರಸ್ಸಿನಿಂದ ಬರುವ ಈ ರೋಗವನ್ನು ಎಲೆ ಬುಡದಲ್ಲಿ ಗುಂಪಾಗಿ ಕೂರುವ ಕಪ್ಪು ಹೇನುಗಳು ಗಿಡದಿಂದ ಗಿಡಕ್ಕೆ ಹರಡುತ್ತವೆ. ಒಂದು ಗಿಡಕ್ಕೆ ಬಂದರೆ ಆ ಬುಡದ ಕಂದುಗಳಿಗೆಲ್ಲ ಬಂದಂತೆಯೇ.

ವ್ಯತ್ಯಾಸ ಹೀಗೆ. ಆರೋಗ್ಯದ ಕತ್ತಿಕಂದಿನಲ್ಲಿ ಒಂದೆಲೆಗೂ ಇನ್ನೊಂದೆಲೆಗೂ ನಡುವೆ ಅಂತರ ಇರುತ್ತದೆ, ಹಸಿರು ಒಂದೇ ಸಮ, ಎಲೆ ಬಾಗಿಸಿದರೆ ಬಾಗುತ್ತದೆ. ರೋಗದ ಕಂದಿನಲ್ಲಿ ಎಲೆಗಳೆಲ್ಲ ತುದಿಯಲ್ಲಿ ಒತ್ತಾಗಿ ಗೊಂಚಲುಗಟ್ಟಿರುತ್ತವೆ, ಅಂಚು ಹಳದಿ, ಬಾಗಿಸಿದರೆ ಪಟಕ್ಕನೆ ಮುರಿಯುತ್ತದೆ. ಅನುಮಾನವಿದ್ದರೆ ಎಲೆಯನ್ನು ಬೆಳಕಿಗೆ ಹಿಡಿದು ಹಿಂಭಾಗದಿಂದ ನೋಡಿ. ನಡುದಂಟಿನ ಪಕ್ಕದ ನರಗಳಲ್ಲಿ ಕಡುಹಸಿರು ಚುಕ್ಕೆಗಳೂ ಗೀಟುಗಳೂ ತುಂಡು ತುಂಡಾಗಿ ಕಾಣುತ್ತವೆ. ಎಲೆದಂಟಿನ ಮೇಲೂ ಅದೇ ಗೀಟು. ಇದು ಕಂಡರೆ ಆ ತೋಟದಿಂದ ಬರಿಗೈಲಿ ಬನ್ನಿ, ತೋಟದವರಿಗೂ ಹೇಳಿ ಬನ್ನಿ. ಇದಕ್ಕೆ ಔಷಧಿಯಿಲ್ಲ. ಮೊದಲು ಹೇನು ಸಾಯುವ ಹಾಗೆ ಔಷಧಿ ಸಿಂಪಡಿಸಿ, ಆಮೇಲೆ ಬುಡಸಮೇತ ಅಗೆದು ತೆಗೆಯುವುದೊಂದೇ ದಾರಿ. ಸುಮ್ಮನೆ ಕಡಿದು ಹಾಕಿದರೆ ಹೇನು ಪಕ್ಕದ ಗಿಡಕ್ಕೆ ಹೋಗುತ್ತದೆ.

ಕೀಳುವುದು, ಕೆತ್ತುವುದು, ಹಂಡೆಗೆ ಅದ್ದುವುದು

ಕಂದನ್ನು ಎಳೆದು ಕೀಳಬಾರದು. ತಾಯಿಯಿಂದ ದೂರದ ಬದಿಯಲ್ಲಿ ಮೊದಲು ಮಣ್ಣು ಬಿಡಿಸಿ, ಗಡ್ಡೆ ಕಂಡ ಮೇಲೆ ತಾಯಿಗೂ ಕಂದಿಗೂ ನಡುವೆ ಹಾರೆಯನ್ನು ನೇರವಾಗಿ ಇಳಿಸಿ ಒಂದೇ ಏಟಿಗೆ ಬಿಡಿಸಿದರೆ ಗಾಯ ಚಿಕ್ಕದಾಗುತ್ತದೆ. ತಾಯಿಯ ಬುಡಕ್ಕೆ ಮತ್ತೆ ಮಣ್ಣು ತುಂಬಿ ತುಳಿಯಲು ಮರೆಯಬೇಡಿ, ಗೊನೆ ಹೊತ್ತ ಗಿಡ ಒಂದು ಗಾಳಿಗೆ ಉರುಳಿಬಿಟ್ಟೀತು. ಒಂದೇ ತಾಯಿಯಿಂದ ಎಲ್ಲ ಕಂದನ್ನೂ ತೆಗೆಯುವುದು ಬೇಡ.

ಕಾಂಡವನ್ನು ಗಡ್ಡೆಯಿಂದ ಅರ್ಧ ಅಡಿ ಮೇಲಕ್ಕೆ ಬಿಟ್ಟು ಕತ್ತರಿಸಿ. ಎಲೆಯಿಟ್ಟುಕೊಂಡು ನೆಟ್ಟರೆ ಬೇಗ ಬೆಳೆಯುತ್ತದೆ ಎಂದು ಕೆಲವರು ಹಾಗೇ ನೆಡುತ್ತಾರೆ. ಬೇರಿಲ್ಲದ ಗಡ್ಡೆಗೆ ಎಲೆಯೊಂದು ಹೊರೆ, ಇರುವ ನೀರನ್ನೂ ಆರಿಸಿಬಿಡುತ್ತದೆ. ನಂತರ ಹಳೆಯ ಬೇರುಗಳನ್ನೆಲ್ಲ ಸವರಿ, ಗಡ್ಡೆಯ ಹೊರಪದರವನ್ನು ಚೂರಿಯಿಂದ ತೆಳ್ಳಗೆ ಹೆರೆಯಿರಿ. ಒಳಗೆ ಬೆಳ್ಳಗೆ ಹೊಳೆಯಬೇಕು. ಕಂದು ಬಣ್ಣದ ಸುರಂಗ ಕಂಡರೆ ಗಡ್ಡೆ ಕೊರೆಯುವ ಮೂತಿಹುಳುವಿನ ಮರಿ ಹೋದ ದಾರಿ. ಮೇಲ್ಮೇಲೆ ಒಂದೆರಡಿದ್ದರೆ ಹೆರೆದು ತೆಗೆಯಬಹುದು, ಆಳಕ್ಕೆ ಹೋಗಿದ್ದರೆ ಕಂದನ್ನು ಬಿಡಬೇಕು. ಕತ್ತರಿಸಿದ ಮೇಲ್ಮೈಯಲ್ಲಿ ಕೆಂಪುಮಿಶ್ರಿತ ಕಂದು ಚುಕ್ಕೆಗಳೋ ಗೆರೆಗಳೋ ಇದ್ದರೆ ಪನಾಮಾದ ಗುರುತು, ಅದನ್ನು ಸುಟ್ಟುಬಿಡಿ, ಚೂರಿಯನ್ನೂ ಬೆಂಕಿಗೆ ಹಿಡಿದು ಮುಂದಿನದನ್ನು ಮುಟ್ಟಿ. ಸವರಿದ ಬೇರಿನಲ್ಲಿ ಒಂದನ್ನು ಉದ್ದಕ್ಕೆ ಸೀಳಿ ನೋಡುವುದೂ ಒಳ್ಳೆಯದು. ಒಳಗೆ ಕೆಂಪುಕಂದು ಕಲೆಯಿದ್ದರೆ ಬೇರನ್ನು ಕೊರೆಯುವ ಜಂತುಹುಳು ಇದೆ ಎಂದರ್ಥ.

ಮೂತಿಹುಳುವಿನ ಮೊಟ್ಟೆ, ಜಂತುಹುಳು ಇವೆರಡಕ್ಕೂ ನಮ್ಮ ಮನೆಗಳಲ್ಲೇ ಒಂದು ಸಾಧನವಿದೆ: ಬಚ್ಚಲ ಹಂಡೆ. ಹೆರೆದ ಗಡ್ಡೆಯನ್ನು ಕುದಿಯುವ ನೀರಿನಲ್ಲಿ ಮೂವತ್ತು ಸೆಕೆಂಡ್ ಮಾತ್ರ ಮುಳುಗಿಸಿ ತೆಗೆಯಬೇಕು. 52ರಿಂದ 55 ಡಿಗ್ರಿ ಬಿಸಿನೀರಿನಲ್ಲಿ ಇಪ್ಪತ್ತು ನಿಮಿಷ ಇಡುವ ವಿಧಾನವೂ ಇದೆ, ಆದರೆ ಮನೆಯಲ್ಲಿ ಆ ಬಿಸಿಯನ್ನು ಅಷ್ಟು ಹೊತ್ತು ಹಿಡಿದಿಡುವುದು ಕಷ್ಟ. ಕುದಿನೀರಿಗೆ ಥರ್ಮಾಮೀಟರ್ ಬೇಕಿಲ್ಲ. ಬೋಗುಣಿಯಲ್ಲಿ ನೀರು ತೋಡಿಕೊಂಡು ಹೊಯ್ದರೆ ಸಾಲದು, ಗಡ್ಡೆ ಪೂರ್ತಿ ಮುಳುಗಬೇಕು. ಮೂವತ್ತು ಎಣಿಸುವುದರೊಳಗೆ ಮೇಲಕ್ಕೆತ್ತಿ, ಇಲ್ಲದಿದ್ದರೆ ಬೇಯುತ್ತದೆ. ತೀರಾ ಚಿಕ್ಕ ಗಡ್ಡೆಗೆ ಈ ಕೆಲಸ ಬೇಡ. ಇದರಿಂದ ವೈರಸ್ಸೂ ಹೋಗುವುದಿಲ್ಲ, ಪನಾಮಾವೂ ಹೋಗುವುದಿಲ್ಲ. ಹಾಗಾಗಿ ತಾಯಿಯನ್ನು ನೋಡುವ ಕೆಲಸ ತಪ್ಪುವುದಿಲ್ಲ. ಅದ್ದಿದ ಮೇಲೆ ನೆರಳಿನಲ್ಲಿ ಒಂದೆರಡು ದಿನ ಆರಲು ಬಿಟ್ಟು ನೆಡಿ. ವಾರ ಮೀರಿ ಇಡಬೇಡಿ. ಕಿತ್ತ ತೋಟದಲ್ಲೇ ರಾತ್ರಿ ಬಿಟ್ಟರೆ ಮೂತಿಹುಳು ಮತ್ತೆ ಬಂದು ಮೊಟ್ಟೆಯಿಡುತ್ತದೆ.

ಅಂಗಾಂಶ ಕೃಷಿಯ ಸಸಿ ತಂದರೆ?

ನರ್ಸರಿಯ ಸಸಿಯಲ್ಲಿ ಮೂತಿಹುಳು, ಜಂತುಹುಳು, ಪನಾಮಾ ಇರುವುದಿಲ್ಲ. ಇದು ದೊಡ್ಡ ಅನುಕೂಲ. ವೈರಸ್ಸು ಮಾತ್ರ ತಾಯಿಯನ್ನು ಪರೀಕ್ಷೆ ಮಾಡಿಸಿದ್ದರೆ ಇರುವುದಿಲ್ಲ, ಇಲ್ಲದಿದ್ದರೆ ಇರಬಹುದು. ಕೇಳಿ ತೆಗೆದುಕೊಳ್ಳಿ. ಐದಾರು ಎಲೆ ಬಿಟ್ಟು ಒಂದಡಿ ಎತ್ತರ ಬಂದ, ನೆರಳಿನಲ್ಲಿ ಹದಗೊಂಡ ಸಸಿಯನ್ನೇ ಕೇಳಿ.

ಆದರೂ ಮಲೆನಾಡಿನ ಹಿತ್ತಲಿಗೆ ನಾನು ಇದನ್ನು ಎರಡನೆಯ ಆಯ್ಕೆಯಾಗಿಯೇ ಇಡುತ್ತೇನೆ. ಕತ್ತಿಕಂದಿಗಿರುವ ಗಡ್ಡೆಯ ದಾಸ್ತಾನು ಇದಕ್ಕಿಲ್ಲ. ಮೊದಲ ಎರಡು ಮೂರು ತಿಂಗಳು ಮಗುವಿನಂತೆ ನೋಡಿಕೊಳ್ಳಬೇಕು. ಆಷಾಢದ ಮಳೆಗೆ ಸಿಕ್ಕರೆ ಬೇರು ಕೊಳೆತು ಹೋಗುತ್ತದೆ. ಎಲ್ಲ ಗಿಡವೂ ಒಟ್ಟಿಗೆ ಗೊನೆ ಬಿಡುವುದು ಮಾರುವವರಿಗೆ ಲಾಭ, ಮನೆಗೆ ತೊಂದರೆ. ಒಂದೇ ತಿಂಗಳಲ್ಲಿ ಹತ್ತು ಗೊನೆ ಹಣ್ಣಾದರೆ ತಿನ್ನುವವರಾರು? ಮತ್ತೆ, ಮನೆಯ ಮಣ್ಣಿನಲ್ಲೇ ಪನಾಮಾ ಇದ್ದರೆ ಶುದ್ಧ ಸಸಿಯೂ ಉಳಿಯುವುದಿಲ್ಲ. ಹತ್ತಿರದಲ್ಲಿ ನಂಬಿಕೆಯ ತಾಯಿಗಿಡ ಸಿಗದಿದ್ದರೆ, ಇಲ್ಲವೇ ಸುತ್ತಲಿನ ತೋಟಗಳಿಗೆಲ್ಲ ಎಲೆಗುಚ್ಛ ಬಂದಿದ್ದರೆ ಮಾತ್ರ ಸಸಿ ತನ್ನಿ. ಆಗ ಅದೇ ಮೊದಲ ಆಯ್ಕೆ.

ರೋಹಿಣಿಗೋ, ಉತ್ತರೆಗೋ

ಬಾಳೆಗೆ ನೀರು ಬೇಕು, ನಿಂತ ನೀರು ಬೇಡ. ಆಗುಂಬೆ, ಹೊಸನಗರದ ಕಡೆ ಆಷಾಢದಲ್ಲಿ ಸುರಿಯುವ ಮಳೆಗೂ ಶಿಕಾರಿಪುರದ ಮಳೆಗೂ ಅಜಗಜಾಂತರ, ಆದ್ದರಿಂದ ಇಡೀ ಶಿವಮೊಗ್ಗ ಜಿಲ್ಲೆಗೆ ಒಂದೇ ತಿಂಗಳು ಹೇಳಲಾಗದು. ಶಿವಮೊಗ್ಗ, ಭದ್ರಾವತಿ, ಶಿಕಾರಿಪುರದ ಅರೆಮಲೆನಾಡಿನಲ್ಲಿ ರೋಹಿಣಿ, ಮೃಗಶಿರ ಮಳೆಗೆ ನೆಡುವುದೇ ಸರಿ. ಮೇ ಕೊನೆಯಿಂದ ಜೂನ್ ನಡುವಿನವರೆಗೆ ನೆಟ್ಟರೆ ಮಳೆಗಾಲವಿಡೀ ನೀರಿನ ಖರ್ಚಿಲ್ಲದೆ ಬೇರು ಹಿಡಿಯುತ್ತದೆ.

ತೀರ್ಥಹಳ್ಳಿ, ಹೊಸನಗರ, ಸಾಗರದ ಘಟ್ಟದ ಅಂಚಿಗೆ ಹೋದಂತೆ ಆರಿದ್ರ, ಪುನರ್ವಸು ಮಳೆಗಳೇ ಶತ್ರು. ಅಲ್ಲಿ ಎರಡು ದಾರಿ. ಒಂದು, ಮೇ ತಿಂಗಳ ಮೊದಲೆರಡು ಅಡ್ಡಮಳೆ ಬಿದ್ದ ತಕ್ಷಣ ನೆಟ್ಟು, ಜೋರು ಮಳೆ ಬರುವ ಹೊತ್ತಿಗೆ ಬೇರು ಇಳಿದಿರುವಂತೆ ನೋಡಿಕೊಳ್ಳುವುದು. ಇನ್ನೊಂದು, ಹುಬ್ಬೆ, ಉತ್ತರೆ ಮಳೆಗೆ, ಅಂದರೆ ಸೆಪ್ಟೆಂಬರಿನಲ್ಲಿ ನೆಡುವುದು. ಬಾವಿಯಲ್ಲೋ ಕೆರೆಯಲ್ಲೋ ಮಾರ್ಚಿನಿಂದ ಮೇವರೆಗೆ ನೀರಿದ್ದರೆ ನಾನು ಎರಡನೆಯದನ್ನೇ ಹೇಳುತ್ತೇನೆ. ಗಿಡ ಬಿಸಿಲಿನಲ್ಲಿ ಬೆಳೆದು, ಮುಂದಿನ ಮಳೆಗಾಲಕ್ಕೆ ಆಳೆತ್ತರವಾಗಿ ನಿಂತಿರುತ್ತದೆ. ನೀರಿಲ್ಲದವರಿಗೆ ಮೇ ತಿಂಗಳೇ ಗತಿ.

ನೆಡುವ ವಿಧಾನವೂ ಇದರ ಮೇಲೆ ನಿಂತಿದೆ. ಎರಡಕ್ಕೂ ಗುಂಡಿ ಒಂದೂವರೆ ಅಡಿ ಉದ್ದ, ಅಗಲ, ಆಳ. ಮೇಲ್ಮಣ್ಣಿನ ಜೊತೆ ಹತ್ತು ಕಿಲೋ ಹಳೆಯ ಕೊಟ್ಟಿಗೆ ಗೊಬ್ಬರ, ಕಾಲು ಕಿಲೋ ಬೇವಿನ ಹಿಂಡಿ ಕಲಸಿ ತುಂಬಿ. ಮಳೆಗೆ ಮುಂಚೆ ನೆಡುವುದಾದರೆ ಬುಡ ಸುತ್ತಲಿನ ನೆಲಕ್ಕಿಂತ ಎತ್ತರಕ್ಕೆ, ದಿಬ್ಬದಂತೆ ಇರಲಿ, ಪಕ್ಕದಲ್ಲಿ ಬಸಿಗಾಲುವೆ ಇರಲಿ. ಮಳೆ ಮುಗಿದ ಮೇಲೆ ನೆಡುವುದಾದರೆ ತದ್ವಿರುದ್ಧ, ನೀರು ನಿಲ್ಲುವಂತೆ ಪಾತಿ ಮಾಡಿ. ಮೇ ತಿಂಗಳಲ್ಲಿ ಪಾತಿ ಮಾಡಿ ನೆಟ್ಟ ಕಂದು ಜುಲೈಯಲ್ಲಿ ಕೊಳೆಯುತ್ತದೆ.

ದೂರ: ಆರು ಅಡಿಯೋ, ಎಂಟು ಅಡಿಯೋ

ಪಚ್ಚಬಾಳೆಯಂಥ ಗಿಡ್ಡ ಜಾತಿಗೆ ಆರಡಿ ಎನ್ನುವುದು ಬಯಲುಸೀಮೆಯ ನೀರಾವರಿ ತೋಟದ ಲೆಕ್ಕ. ಏಲಕ್ಕಿಯಂಥ ಎತ್ತರದ ಜಾತಿಗೆ ಅಲ್ಲೇ ಏಳಡಿ ಬೇಕು. ನಮ್ಮಲ್ಲಿ ಅದಕ್ಕೂ ಒಂದಡಿ ಸೇರಿಸಬೇಕು ಎನ್ನುವುದು ನನ್ನ ಖಚಿತ ಅಭಿಪ್ರಾಯ. ಜೂನಿನಿಂದ ಮೂರು ತಿಂಗಳು ಬಿಸಿಲೇ ಇರುವುದಿಲ್ಲ. ಎಲೆಗೆ ಎಲೆ ತಾಗಿದರೆ ಹಗಲಿಡೀ ಒದ್ದೆಯಾಗಿಯೇ ಇದ್ದು ಎಲೆಚುಕ್ಕೆ ರೋಗ ಕೆಳಗಿನಿಂದ ಮೇಲಕ್ಕೆ ಏರುತ್ತದೆ. ಗಿಡ ಬೆಳಕು ಹುಡುಕಿ ಎತ್ತರಕ್ಕೆ ಹೋಗುತ್ತದೆ, ಕಾಂಡ ತೆಳುವಾಗುತ್ತದೆ, ಮುಂದಿನ ಏಪ್ರಿಲ್ಲಿನ ಗುಡುಗು ಗಾಳಿಗೆ ಗೊನೆಸಮೇತ ಮುರಿಯುತ್ತದೆ. ಮನೆಯ ಬಾಳೆ ಒಂದು ಬೆಳೆಗೆ ಮುಗಿಯುವುದೂ ಇಲ್ಲ. ಅದೇ ಬುಡದಲ್ಲಿ ಮಗಳು, ಮೊಮ್ಮಗಳು ಬರುತ್ತಾ ಬುಡವೇ ಜಾಗ ಬದಲಿಸುತ್ತದೆ. ಇವತ್ತಿನ ಆರಡಿ ಮೂರನೆಯ ಬೆಳೆಗೆ ನಾಲ್ಕಡಿಯಾಗಿರಬಹುದು.

ಒಂದು ಜಾಗವನ್ನೇ ಇಟ್ಟುಕೊಂಡು ಲೆಕ್ಕ ಹಾಕೋಣ. ತೀರ್ಥಹಳ್ಳಿ ಕಡೆಯ ಮನೆಯ ಹಿಂದೆ ಮೂವತ್ತಡಿ ಉದ್ದ, ಇಪ್ಪತ್ನಾಲ್ಕಡಿ ಅಗಲದ ಹಿತ್ತಲು, ಬಾವಿಯ ಕಡೆಗೆ ಸ್ವಲ್ಪ ಇಳಿಜಾರು. ಸುತ್ತಲೂ ಮೂರಡಿ ಬಿಟ್ಟರೆ ಇಪ್ಪತ್ನಾಲ್ಕಕ್ಕೆ ಹದಿನೆಂಟಡಿ ಉಳಿಯುತ್ತದೆ. ಆರಡಿಗೆ ನೆಟ್ಟರೆ ಉದ್ದಕ್ಕೆ ಐದು, ಅಗಲಕ್ಕೆ ನಾಲ್ಕು, ಒಟ್ಟು ಇಪ್ಪತ್ತು ಗಿಡ. ಸಾಲಿನಲ್ಲಿ ಎಂಟಡಿ, ಸಾಲಿಂದ ಸಾಲಿಗೆ ಒಂಬತ್ತಡಿ ಇಟ್ಟರೆ ಉದ್ದಕ್ಕೆ ನಾಲ್ಕು, ಅಗಲಕ್ಕೆ ಮೂರು, ಒಟ್ಟು ಹನ್ನೆರಡು. ಎಂಟು ಗಿಡ ಕಡಿಮೆಯಾಯಿತು ಎಂದು ಹೊಟ್ಟೆ ಉರಿಸಿಕೊಳ್ಳಬೇಕಿಲ್ಲ. ಇಪ್ಪತ್ತರಲ್ಲಿ ಒಳಸಾಲಿನ ಗಿಡಗಳು ನೆರಳಿಗೆ ಸಿಕ್ಕಿ ಬಡವಾಗುತ್ತವೆ, ಎರಡನೆಯ ಬೆಳೆಗೆ ಒಳಗೆ ಕಾಲಿಡಲೂ ಜಾಗ ಇರುವುದಿಲ್ಲ. ಒಂಬತ್ತಡಿಯ ಸಾಲಿನ ನಡುವೆ ಮೊದಲ ಐದಾರು ತಿಂಗಳು ಬೀನ್ಸು, ಹರಿವೆ, ಮೂಲಂಗಿ ಹಾಕಬಹುದು. ಸೌತೆ, ಕುಂಬಳ ಬೇಡ, ಎಲೆಗುಚ್ಛದಂತೆಯೇ ಹೇನು ಹರಡುವ ಇನ್ನೊಂದು ಬಾಳೆ ವೈರಸ್ಸಿಗೆ ಆ ಬಳ್ಳಿಗಳು ಮನೆಯಾಗುತ್ತವೆ.

ಹನ್ನೆರಡನ್ನೂ ಒಂದೇ ದಿನ ನೆಡಬಾರದು. ಬಾವಿಯಲ್ಲಿ ನೀರಿದೆ ಎಂದುಕೊಂಡರೆ, ಬಸಿಯುವ ಮೇಲಿನ ಸಾಲಿಗೆ ನಾಲ್ಕು ಕಂದನ್ನು ಮೇ ತಿಂಗಳಲ್ಲಿ ದಿಬ್ಬದ ಮೇಲೆ, ನಡುವಿನ ಸಾಲಿಗೆ ನಾಲ್ಕನ್ನು ಸೆಪ್ಟೆಂಬರಿನಲ್ಲಿ, ಬಾವಿಗೆ ಹತ್ತಿರದ ಸಾಲಿಗೆ ನಾಲ್ಕನ್ನು ಜನವರಿಯಲ್ಲಿ. ಒಂದೇ ಸಾಲಿನ ಗಿಡಗಳೂ ಕೆಲವು ವಾರದ ಅಂತರದಲ್ಲಿ ಹೂ ಬಿಡುವುದರಿಂದ ವರ್ಷದ ಬಹುಪಾಲು ಮನೆಯಲ್ಲಿ ಗೊನೆ ತೂಗುತ್ತದೆ. ಜನವರಿಯ ಸಾಲು ನೀರಿಗೆ ಹತ್ತಿರ ಇರಲಿ ಎಂದೇ ಅಲ್ಲಿಟ್ಟದ್ದು. ಹನ್ನೆರಡರಲ್ಲಿ ಎರಡು ಬೂದಿಬಾಳೆ ಇದ್ದರೆ ಪಲ್ಯಕ್ಕೂ ಆಯಿತು. ಅದು ದೊಡ್ಡ ಗಿಡ, ಮೂಲೆಯಲ್ಲಿರಲಿ.

ಅಡಿಕೆ ಸಾಲಿನೊಳಗೆ ನೆಡುವವರಿಗೆ ಆಯ್ಕೆಯೇ ಇಲ್ಲ. ಅಡಿಕೆ ಒಂಬತ್ತಡಿಗೆ ಇದ್ದರೆ ನಾಲ್ಕು ಮರದ ನಡುವೆ ಒಂದು ಬಾಳೆ, ಅಷ್ಟೇ. ಹಿತ್ತಲಿನ ಬಾಳೆಯನ್ನು ಮನೆಗೆ ಕಾಣುವಂತೆ ಇಡುವುದು ಮಂಗನ ಕಾಟಕ್ಕೂ ಒಳ್ಳೆಯದು, ಆದರೆ ಗೋಡೆಯಿಂದ ಐದಾರು ಅಡಿ ದೂರವಿರಲಿ.

ಇಳಿಜಾರಿನಲ್ಲಿ ಗಾಯದ ಮುಖ ಯಾವ ಕಡೆ

ಗಡ್ಡೆಯ ಒಂದು ಬದಿಯಲ್ಲಿ ತಾಯಿಯಿಂದ ಬೇರ್ಪಟ್ಟ ಗಾಯ ಇರುತ್ತದೆ. ಮುಂದೆ ಬಲವಾದ ಕಂದು ಹುಟ್ಟುವುದು ಸಾಮಾನ್ಯವಾಗಿ ಅದರ ಎದುರು ಬದಿಯಲ್ಲಿ. ಆದ್ದರಿಂದ ಇಳಿಜಾರಿನಲ್ಲಿ ಗಾಯದ ಮುಖವನ್ನು ತಗ್ಗಿನ ಕಡೆಗೆ ಮಾಡಿ ನೆಡಬೇಕು. ಆಗ ಮಗಳು ಏರಿನ ಕಡೆ, ಮಣ್ಣು ಹೆಚ್ಚಿರುವಲ್ಲಿ ಹುಟ್ಟುತ್ತಾಳೆ. ತಿರುಗಾಮುರುಗಾ ಆದರೆ ಪ್ರತಿ ಬೆಳೆಗೂ ಬುಡ ಕೆಳಕ್ಕೆ ಜಾರುತ್ತಾ, ಗಡ್ಡೆ ಮಣ್ಣಿನಿಂದ ಮೇಲೆದ್ದು, ಮೂರನೆಯ ಬೆಳೆಗೆ ಬೇರು ಬಯಲಾಗಿ ಗಿಡ ಉರುಳುತ್ತದೆ. ಸಮತಟ್ಟಿನ ಹಿತ್ತಲಿನಲ್ಲಿ ಹನ್ನೆರಡೂ ಗಡ್ಡೆಯ ಗಾಯ ಒಂದೇ ದಿಕ್ಕಿಗಿದ್ದರೆ ಬುಡಗಳೆಲ್ಲ ಒಂದೇ ಕಡೆಗೆ ಸರಿಯುತ್ತವೆ, ನಡುವಿನ ದೂರ ಕೆಡುವುದಿಲ್ಲ.

ಗಡ್ಡೆಯ ಮೇಲೆ ಎರಡು ಮೂರು ಇಂಚು ಮಣ್ಣು ಬರುವಂತೆ ಮುಚ್ಚಿ, ಕಾಲಿನಿಂದ ಗಟ್ಟಿಯಾಗಿ ತುಳಿದು, ದರಗು ಹೊದಿಸಿ. ಮೂರು ನಾಲ್ಕು ವಾರದಲ್ಲಿ ಕತ್ತರಿಸಿದ ಕಾಂಡದ ನಡುವಿನಿಂದ ಸುರುಳಿ ಎಲೆ ಮೇಲೆ ಬರುತ್ತದೆ. ಆರು ವಾರವಾದರೂ ಬರದಿದ್ದರೆ ಮಣ್ಣು ಬಿಡಿಸಿ ಗಡ್ಡೆಯನ್ನು ಒತ್ತಿ ನೋಡಿ. ಗಟ್ಟಿಯಿದ್ದರೆ ಇನ್ನಷ್ಟು ದಿನ ಕಾಯಿರಿ, ಮೆತ್ತಗಾಗಿ ವಾಸನೆ ಬಂದರೆ ತೆಗೆದು ದೂರ ಹಾಕಿ, ಗುಂಡಿ ಒಣಗಿದ ಮೇಲೆ ಬೇರೆ ಕಂದು ನೆಡಿ. ಆಮೇಲೆ ಹೂ ಬಿಡುವವರೆಗೆ ಬುಡದಲ್ಲಿ ಏಳುವ ಕಂದನ್ನೆಲ್ಲ ಒಂದೂವರೆ ತಿಂಗಳಿಗೊಮ್ಮೆ ನೆಲಮಟ್ಟಕ್ಕೆ ಕಡಿಯುತ್ತಿರಬೇಕು. ಹೂ ಬಿಟ್ಟ ಮೇಲೆ ಏರಿನ ಬದಿಯಲ್ಲಿ ಬಂದ ಒಂದು ಕತ್ತಿಕಂದನ್ನು ಮಾತ್ರ ಬಿಡಿ.